ಸೆಂಟು, ಡಿಯೋ ಕೊಳ್ಳುವ ಮುನ್ನ: ನಮ್ಮ ಗ್ರಾಹಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಮೈಸೂರಿನ ಚಿಕ್ಕ ಅಂಗಡಿ. ಮೊದಲು ಅತ್ತರು, ಊದುಬತ್ತಿ ಇಟ್ಟುಕೊಂಡಿದ್ದೆವು, ಈಗ ಪರ್ಫ್ಯೂಮು ಮತ್ತು ಡಿಯೋಗಳನ್ನು ಆನ್‌ಲೈನ್‌ನಲ್ಲೂ ಮಾರುತ್ತೇವೆ. ಪ್ರತಿ ಬಾಟಲಿಗೂ ವಿವರಣೆ ಬರೆಯುವವನು ನಾನೇ. ವಾಟ್ಸಾಪಿನಲ್ಲಿ ದಿನವೂ ಬರುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಇರಲಿ ಎಂದು ಈ ಪುಟ. ನಮ್ಮಲ್ಲಿ ಕೊಂಡರೂ ಸರಿ, ಬೇರೆಲ್ಲಿ ಕೊಂಡರೂ ಸರಿ, ಬಾಟಲಿಯ ವಿವರಣೆ ಓದುವ ರೀತಿ ಒಂದೇ.

"24 ಗಂಟೆ ಉಳಿಯುತ್ತದೆ" ಎಂದು ಬರೆದಿರುತ್ತಾರಲ್ಲ, ನಿಜವೇ?

ಎಲ್ಲಿ ಉಳಿಯುತ್ತದೆ ಎಂದು ಬರೆದಿರುವುದಿಲ್ಲ. ತಕರಾರೆಲ್ಲ ಅಲ್ಲೇ ಇದೆ.

ಇಂಥ ಮಾತು ಇದ್ದ ಒಂದು ಬಾಟಲಿಯನ್ನು ನಾನೇ ಒಂದು ದಿನ ಪರೀಕ್ಷೆಗೆ ಇಟ್ಟುಕೊಂಡೆ. ಓ ದ ಪರ್ಫ್ಯೂಮ್, 100 ಮಿ.ಲೀ., ಬೆಲೆ 499 ರೂಪಾಯಿ. ಮೇಲಿನ ಪರಿಮಳ ಬರ್ಗಮೋಟ್ ಮತ್ತು ಏಲಕ್ಕಿ, ನಡುವಿನದು ಮಲ್ಲಿಗೆ ಮತ್ತು ಲ್ಯಾವೆಂಡರ್, ಅಡಿಯಲ್ಲಿ ಅಂಬರ್, ಮಸ್ಕ್, ಶ್ರೀಗಂಧ ಎಂದಿತ್ತು. ಬೆಳಗ್ಗೆ ಎಂಟೂವರೆಗೆ ಸ್ನಾನ ಮುಗಿಸಿ ಎಡ ಮಣಿಕಟ್ಟಿಗೆ ಎರಡು ಸಲ, ಹತ್ತಿ ಅಂಗಿಯ ಕಾಲರಿಗೆ ಒಂದು ಸಲ ಹೊಡೆದುಕೊಂಡೆ.

ಒಂಬತ್ತರ ಹೊತ್ತಿಗೆ ಬರ್ಗಮೋಟಿನ ನಿಂಬೆ ಚುರುಕು ಮಾಯವಾಗಿತ್ತು. ಹನ್ನೊಂದರವರೆಗೆ ಪಕ್ಕದ ಕುರ್ಚಿಯಲ್ಲಿದ್ದ ಹುಡುಗನಿಗೂ ಘಮ ಗೊತ್ತಾಗುತ್ತಿತ್ತು. ಊಟದ ನಂತರ ಅವನನ್ನೇ ಕೇಳಿದರೆ "ಇಲ್ಲ ಸಾರ್, ಬರ್ತಿಲ್ಲ" ಎಂದ. ನಾನೇ ಮಣಿಕಟ್ಟನ್ನು ಮೂಗಿಗೆ ಹಿಡಿದಾಗ ಇನ್ನೂ ಮಲ್ಲಿಗೆಯ ಸುಳಿವಿತ್ತು. ಸಂಜೆ ಐದಕ್ಕೆ ಚರ್ಮದ ಮೇಲೆ ಉಳಿದದ್ದು ಸೋಪು ಸವೆದಂತಹ ಒಂದು ಮೆಲುವಾಸನೆ, ಅದು ಮಸ್ಕ್. ಮರುದಿನ ಬೆಳಗ್ಗೆ ಒಗೆಯಲು ಹಾಕುವ ಮುಂಚೆ ಅಂಗಿಯ ಕಾಲರು ಮೂಸಿದೆ. ಅಲ್ಲಿ ಅಂಬರು, ಮಸ್ಕು ಚೆನ್ನಾಗಿಯೇ ಕುಳಿತಿದ್ದವು.

ಹಾಗಾಗಿ 24 ಗಂಟೆ ಸುಳ್ಳಲ್ಲ, ಆದರೆ ಅದು ಬಟ್ಟೆಯ ಮಾತು, ಅದೂ ಮೂಗು ತಾಗಿಸಿದರೆ. ಚರ್ಮದ ಮೇಲೆ ಏಳೆಂಟು ಗಂಟೆ. ಪಕ್ಕದವರಿಗೆ ತಿಳಿಯುವುದು ಎರಡೂವರೆ ಮೂರು ಗಂಟೆ. ನೀವು ದುಡ್ಡು ಕೊಡುವುದು ಬಹುಮಟ್ಟಿಗೆ ಈ ಕೊನೆಯದಕ್ಕೆ ಎಂಬ ಕಾರಣಕ್ಕೆ ನಮ್ಮ ವಿವರಣೆಗಳಲ್ಲಿ ನಾನು ಒಂದು ಅಂಕಿ ಬರೆಯುವುದಿಲ್ಲ, ಮೂರು ಬರೆಯುತ್ತೇನೆ: ಪಕ್ಕದವರಿಗೆ ಎಷ್ಟು ಹೊತ್ತು, ನಿಮ್ಮ ಮೂಗಿಗೆ ಎಷ್ಟು ಹೊತ್ತು, ಬಟ್ಟೆಯಲ್ಲಿ ಎಷ್ಟು ಹೊತ್ತು.

ಚರ್ಮಕ್ಕಿಂತ ಬಟ್ಟೆಯಲ್ಲಿ ಅಷ್ಟು ಹೊತ್ತು ಉಳಿಯುವುದೇಕೆ? ಹಾಗಾದರೆ ಬಟ್ಟೆಗೇ ಹೊಡೆಯಬಹುದಲ್ಲ?

ಮೈ ಬೆಚ್ಚಗಿರುತ್ತದೆ, ಬೆವರುತ್ತದೆ, ಪರಿಮಳದ ಎಣ್ಣೆಯನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಬಟ್ಟೆಗೆ ಈ ಯಾವ ಕೆಲಸವೂ ಇಲ್ಲ. ಹತ್ತಿ, ಉಣ್ಣೆಗೆ ಹೊಡೆಯಬಹುದು. ಬಿಳಿ ಅಂಗಿಗೆ ಹತ್ತಿರದಿಂದ ಹೊಡೆದರೆ ಹಳದಿ ಕಲೆ ಕೂರಬಹುದು, ಒಂದು ಮೊಳ ದೂರವಿರಲಿ. ರೇಷ್ಮೆಗೆ ಮಾತ್ರ ಬೇಡ. ಮದುವೆಗೆ ಹೊರಟ ಮೈಸೂರು ಸಿಲ್ಕ್ ಸೀರೆಯ ಮೇಲೆ ಆಲ್ಕೋಹಾಲ್ ಬಿದ್ದು ಉಂಗುರದಂಥ ಗುರುತು ಉಳಿದದ್ದನ್ನು ನೋಡಿದ್ದೇನೆ. ಸೀರೆ ಉಡುವ ಮೊದಲೇ ಕುತ್ತಿಗೆಗೆ, ಮೊಣಕೈ ಒಳಬದಿಗೆ ಹಾಕಿಕೊಂಡು, ಆರಿದ ಮೇಲೆ ಉಟ್ಟುಕೊಳ್ಳಿ.

ಇಡಿಪಿ, ಇಡಿಟಿ, ಕೊಲೋನ್ ಎಂದರೇನು?

ಬಾಟಲಿಯಲ್ಲಿರುವುದು ಮುಖ್ಯವಾಗಿ ಆಲ್ಕೋಹಾಲ್, ಅದರಲ್ಲಿ ಕರಗಿರುವ ಪರಿಮಳದ ಎಣ್ಣೆ, ಸ್ವಲ್ಪ ನೀರು. ಆ ಎಣ್ಣೆ ನೂರರಲ್ಲಿ ಎಷ್ಟು ಪಾಲು ಎಂಬುದರ ಮೇಲೆ ಈ ಹೆಸರುಗಳು. ಓ ದ ಕೊಲೋನ್‌ನಲ್ಲಿ ಸಾಮಾನ್ಯವಾಗಿ ಶೇ. 2ರಿಂದ 4, ಓ ದ ಟಾಯ್ಲೆಟ್ ಅಂದರೆ ಇಡಿಟಿಯಲ್ಲಿ 5ರಿಂದ 15, ಓ ದ ಪರ್ಫ್ಯೂಮ್ ಅಂದರೆ ಇಡಿಪಿಯಲ್ಲಿ 15ರಿಂದ 20, ಬರೀ ಪರ್ಫ್ಯೂಮ್ ಅಥವಾ ಎಕ್ಸ್‌ಟ್ರೇ ಎಂದಿದ್ದರೆ ಅದಕ್ಕೂ ಮೇಲೆ. ಬಾಡಿ ಸ್ಪ್ರೇ ಕೊಲೋನಿಗಿಂತ ತೆಳುವಾಗಿರುವುದೂ ಉಂಟು.

ಇವು ಪರಿಮಳದ ವ್ಯಾಪಾರದಲ್ಲಿ ನಡೆದು ಬಂದ ರೂಢಿ, ಕಾನೂನು ಹಾಕಿದ ಗೆರೆಯಲ್ಲ. ಶೇ. 10 ಎಣ್ಣೆ ಹಾಕಿದವರು ಬಾಟಲಿಯ ಮೇಲೆ ಇಡಿಪಿ ಎಂದು ಅಚ್ಚು ಹಾಕಿದರೆ ಹೆಚ್ಚೇನೂ ಮಾಡಲಾಗದು. ಆದರೆ ಒಂದು ಸಣ್ಣ ಉಪಾಯವಿದೆ. ಕೆಲವು ಬಾಟಲಿ ಅಥವಾ ರಟ್ಟಿನ ಡಬ್ಬಿಯ ಹಿಂದೆ ಚಿಕ್ಕ ಅಕ್ಷರದಲ್ಲಿ ಒಟ್ಟು ಆಲ್ಕೋಹಾಲ್ ಶೇಕಡಾ ಎಷ್ಟು ಎಂದು ಬರೆದಿರುತ್ತಾರೆ. ಅಲ್ಲಿ 90 ಎಂದಿದ್ದರೆ ಉಳಿದ 10ರಲ್ಲೇ ಎಣ್ಣೆಯೂ ನೀರೂ ಇರಬೇಕು, ಅಂದರೆ ಮುಂದೆ ಏನೇ ಬರೆದಿರಲಿ ಒಳಗಿರುವುದು ಇಡಿಪಿ ಅಲ್ಲ. 75 ಎಂದಿದ್ದರೆ ಇಡಿಪಿ ಇರಲು ಜಾಗವಿದೆ ಎಂದಷ್ಟೇ ಅರ್ಥ, ಆ ಜಾಗವನ್ನು ನೀರೂ ತುಂಬಿರಬಹುದು. ಆ ಸಾಲು ಓದುವಾಗ ಒಂದು ಎಚ್ಚರ ಬೇಕು. ಬಳಸಿದ ಆಲ್ಕೋಹಾಲು ಎಷ್ಟು ಗಟ್ಟಿ ಎಂದು ಬರೆದಿದ್ದಾರೋ, ಬಾಟಲಿಯಲ್ಲಿ ಅದು ಎಷ್ಟು ಪಾಲಿದೆ ಎಂದು ಬರೆದಿದ್ದಾರೋ ನೋಡಿಕೊಳ್ಳಿ. ಮೊದಲನೆಯದರಿಂದ ನಮಗೆ ಏನೂ ತಿಳಿಯುವುದಿಲ್ಲ.

ಇಡಿಪಿ ಅಂದ ಮೇಲೆ ಇಡಿಟಿಗಿಂತ ಹೆಚ್ಚು ಹೊತ್ತು ಉಳಿಯಲೇಬೇಕಲ್ಲವೇ?

ಒಂದೇ ಹೆಸರಿನ ಒಂದೇ ಪರಿಮಳವಾದರೆ ಬಹಳಷ್ಟು ಸಲ ಹೌದು. ಬೇರೆ ಬೇರೆ ಪರಿಮಳಗಳನ್ನು ಹೋಲಿಸುವಾಗ ಈ ಲೆಕ್ಕ ಕೆಡುತ್ತದೆ. ಏಕೆಂದರೆ ಎಣ್ಣೆ ಎಷ್ಟಿದೆ ಎನ್ನುವುದಕ್ಕಿಂತ ಯಾವ ಎಣ್ಣೆ ಎನ್ನುವುದು ದೊಡ್ಡ ಮಾತು. ನಿಂಬೆ, ಕಿತ್ತಳೆ, ಬರ್ಗಮೋಟ್‌ನ ಅಣುಗಳು ಹಗುರ, ಮೈಯ ಬಿಸಿಗೇ ಹಾರಿಹೋಗುತ್ತವೆ. ಅವನ್ನೇ ಶೇ. 20 ತುಂಬಿದರೂ ಮಧ್ಯಾಹ್ನಕ್ಕೆ ಕಾಣುವುದಿಲ್ಲ. ಶ್ರೀಗಂಧ, ಲಾವಂಚ, ಪಚೋಲಿ, ವೆನಿಲಾ, ಮಸ್ಕ್ ಭಾರದವು. ಇವಿರುವ ಶೇ. 8ರ ಇಡಿಟಿ ನಿಂಬೆಯ ಇಡಿಪಿಯನ್ನು ಸಲೀಸಾಗಿ ಮೀರಿ ನಿಲ್ಲುತ್ತದೆ.

ಅದಕ್ಕೇ ವಿವರಣೆಯಲ್ಲಿ ಮೂರು ಸಾಲು ಪರಿಮಳ ಕೊಟ್ಟಿದ್ದರೆ ಕೆಳಗಿನಿಂದ ಓದಿ. ಮೇಲಿನ ಸಾಲು ಅಂಗಡಿಯಲ್ಲಿ ಮೂಸಿದಾಗ ಮನಸ್ಸು ಸೆಳೆಯುವ ಮೊದಲ ಹದಿನೈದು ಇಪ್ಪತ್ತು ನಿಮಿಷ. ನಡುವಿನದು ಎರಡು ಮೂರು ಗಂಟೆ. ಸಂಜೆ ಮನೆಗೆ ಬರುವಾಗ ನಿಮ್ಮ ಜೊತೆ ಬರುವುದು ಅಡಿಯ ಸಾಲು. ಆ ಸಾಲಿನಲ್ಲೂ ಹಣ್ಣು, ಸೌತೆಕಾಯಿ, ಸಮುದ್ರದ ಗಾಳಿ ಎಂದೇ ಬರೆದಿದ್ದರೆ ಅದು ಬೇಗ ಹೋಗುವ ಸೆಂಟು ಎಂದುಕೊಳ್ಳಿ. ಕೆಟ್ಟದ್ದೆಂದಲ್ಲ. ಬೇಸಿಗೆಯಲ್ಲಿ ಸ್ನಾನದ ನಂತರ ಹಾಕಿಕೊಳ್ಳಲು ನನಗೆ ಅಂಥದ್ದೇ ಇಷ್ಟ.

ವೆಟಿವರ್, ಟ್ಯೂಬ್‌ರೋಸ್, ಬೆಂಜೊಯಿನ್... ಈ ಹೆಸರುಗಳನ್ನು ಓದಿದರೆ ಏನೂ ಹೊಳೆಯುವುದಿಲ್ಲ.

ಇವುಗಳಲ್ಲಿ ಅರ್ಧಕ್ಕರ್ಧ ನಮ್ಮ ಮನೆಯವೇ, ವೇಷ ಮಾತ್ರ ಬೇರೆ. ವೆಟಿವರ್ ಅಂದರೆ ಲಾವಂಚ, ಬೇಸಿಗೆಯಲ್ಲಿ ಮಡಕೆಯ ನೀರಿಗೆ ಹಾಕುವ ಬೇರು. ಟ್ಯೂಬ್‌ರೋಸ್ ಸುಗಂಧರಾಜ, ಚಂಪಕ ನಮ್ಮ ಸಂಪಿಗೆ, ಊದ್ ಅಗರು, ಬೆಂಜೊಯಿನ್ ಸಾಂಬ್ರಾಣಿ, ನಟ್‌ಮೆಗ್ ಜಾಯಿಕಾಯಿ. ದವನ ಎಂಬ ಹೆಸರನ್ನಂತೂ ವಿದೇಶದ ದುಬಾರಿ ಬಾಟಲಿಗಳ ಮೇಲೂ ಹಾಗೆಯೇ ಬರೆಯುತ್ತಾರೆ. ಹೂವಿನ ಮಾರುಕಟ್ಟೆಯಲ್ಲಿ ಮಾಲೆಯ ನಡುವೆ ಸಿಕ್ಕಿಸುವ ಅದೇ ದವನ. ನಮ್ಮ ರಾಜ್ಯದ ಹೊಲಗಳಲ್ಲಿ ಬೆಳೆದು ಎಣ್ಣೆಯಾಗಿ ಹೊರದೇಶಕ್ಕೆ ಹೋಗಿ, ಒಣಹಣ್ಣಿನಂಥ ಸಿಹಿ ಘಮವಾಗಿ ಬಾಟಲಿಯಲ್ಲಿ ತಿರುಗಿ ಬರುತ್ತದೆ.

ಮಲ್ಲಿಗೆ ಎಂದು ಓದಿ ಕೊಂಡವರು ಕೆಲವೊಮ್ಮೆ ಬೇಸರ ಮಾಡಿಕೊಳ್ಳುತ್ತಾರೆ. ಮುಡಿದ ಮಲ್ಲಿಗೆಯ ಘಮದಲ್ಲಿ ಇಂಡೋಲ್ ಎಂಬ ಅಂಶವಿದೆ, ಹೂವು ಬಾಡುತ್ತಾ ಬಂದಾಗ ಭಾರವಾಗಿ ಮೂಗಿಗೆ ಬರುವುದು ಅದೇ. ಬಹಳಷ್ಟು ಪರ್ಫ್ಯೂಮುಗಳು ಅದನ್ನು ತೆಳುಗೊಳಿಸಿ, ಹಸಿರು ಬೆರೆತ ನಿಂಬೆಯಂಥ ತಿಳಿ ಮಲ್ಲಿಗೆಯನ್ನು ಮಾತ್ರ ಉಳಿಸಿಕೊಳ್ಳುತ್ತವೆ. ದಂಡೆ ಮಲ್ಲಿಗೆ ನೆನೆದು ಕೊಂಡರೆ ಅದು ಸಿಗಲಿಕ್ಕಿಲ್ಲ.

ಶ್ರೀಗಂಧ ಎಂದು ಬರೆದಿದೆ. ಒಳಗೆ ಅಸಲಿ ಗಂಧದೆಣ್ಣೆ ಇದೆಯೇ?

ಮೈಸೂರಿನಲ್ಲಿ ಅಂಗಡಿ ಇಟ್ಟುಕೊಂಡ ಮೇಲೆ ಈ ಪ್ರಶ್ನೆ ತಪ್ಪದು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದ ಊರು ಇದು. ಅಜ್ಜಿಯ ಪೆಟ್ಟಿಗೆಯ ಘಮ ಗೊತ್ತಿರುವವರು ನಮ್ಮ ಗ್ರಾಹಕರು, ಅವರ ಮೂಗಿಗೆ ಮೋಸ ಮಾಡಲಾಗದು.

ಲೆಕ್ಕ ಹಾಕಿ ನೋಡೋಣ. ಅಸಲಿ ಗಂಧದೆಣ್ಣೆಯ ಬೆಲೆ ಕೆ.ಜಿ.ಗೆ ಲಕ್ಷ ರೂಪಾಯಿ ದಾಟಿ ಎಷ್ಟೋ ಕಾಲವಾಯಿತು. ಕಡಿಮೆ ಹಿಡಿದು ಲಕ್ಷವೇ ಎಂದರೂ ಗ್ರಾಮಿಗೆ 100 ರೂಪಾಯಿ. 100 ಮಿ.ಲೀ. ಬಾಟಲಿಯಲ್ಲಿ ಅದು ಶೇ. 2 ಇರಬೇಕಾದರೆ ಸುಮಾರು 2 ಗ್ರಾಂ, ಅಂದರೆ 200 ರೂಪಾಯಿ ಅದಕ್ಕೇ ಹೋಯಿತು. 499 ರೂಪಾಯಿಯ ಬಾಟಲಿಯಲ್ಲಿ ಗಾಜು, ಪಂಪು, ರಟ್ಟು, ಆಲ್ಕೋಹಾಲ್, ಉಳಿದ ಪರಿಮಳ, ತೆರಿಗೆ, ಕೊರಿಯರ್, ಆನ್‌ಲೈನ್ ಕಮಿಷನ್ ಎಲ್ಲ ಆದ ಮೇಲೆ ಅಷ್ಟು ಮಿಗುವುದಿಲ್ಲ. ಒಳಗಿರುವುದು ಪ್ರಯೋಗಾಲಯದಲ್ಲಿ ತಯಾರಾದ ಗಂಧದ ವಾಸನೆಯ ಪದಾರ್ಥ.

ಇದನ್ನು ಮೋಸ ಎನ್ನಲಾರೆ. ವಿವರಣೆಯಲ್ಲಿ ಬರುವ ಪರಿಮಳದ ಹೆಸರುಗಳು ಮೂಗಿಗೆ ಏನೆನ್ನಿಸುತ್ತದೆ ಎಂದು ಹೇಳುತ್ತವೆ, ಒಳಗೆ ಏನು ಹಾಕಿದ್ದಾರೆ ಎಂದಲ್ಲ. ಮಸ್ಕ್ ಎಂದಿದ್ದರೆ ಯಾರೂ ಕಸ್ತೂರಿ ಮೃಗ ಹಿಡಿದು ತಂದಿಲ್ಲ. ಲಿಲಿ ಆಫ್ ದ ವ್ಯಾಲಿ ಎಂಬ ಹೂವಿನಿಂದಂತೂ ಎಣ್ಣೆ ತೆಗೆಯುವ ವ್ಯಾಪಾರವೇ ಇಲ್ಲ, ಆ ಹೆಸರಿರುವ ಪ್ರತಿ ಸೆಂಟಿನಲ್ಲೂ ಅದು ಜೋಡಿಸಿ ಕಟ್ಟಿದ ವಾಸನೆ. ಆದರೆ "ಶುದ್ಧ ಮೈಸೂರು ಗಂಧದೆಣ್ಣೆಯಿಂದ ತಯಾರಿಸಿದ್ದು" ಎಂದು ನೇರವಾಗಿ ಬರೆದು 300 ರೂಪಾಯಿಗೆ ಮಾರುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ.

100 ಮಿ.ಲೀ. ಎಷ್ಟು ದಿನ ಬರುತ್ತದೆ? 50ರ ಇಡಿಪಿ ಒಳ್ಳೆಯದೋ, 100ರ ಇಡಿಟಿ ಒಳ್ಳೆಯದೋ?

ಪರ್ಫ್ಯೂಮಿನ ಪಂಪು ಒಂದು ಸಲ ಒತ್ತಿದರೆ ಸುಮಾರು 0.1 ಮಿ.ಲೀ. ಬರುತ್ತದೆ. ಪಂಪಿನಿಂದ ಪಂಪಿಗೆ ಸ್ವಲ್ಪ ಆಚೀಚೆ. ಹಾಗಾಗಿ 100 ಮಿ.ಲೀ. ಅಂದರೆ ಸಾವಿರ ಸಲ. ದಿನಕ್ಕೆ ನಾಲ್ಕು ಸಲವಾದರೆ 250 ದಿನ. 10 ಮಿ.ಲೀ.ನ ಚಿಕ್ಕ ಬಾಟಲಿ 25 ದಿನ, ಹೊಸ ಪರಿಮಳ ಹಿಡಿಸುತ್ತದೋ ಇಲ್ಲವೋ ತಿಳಿಯಲು ಅಷ್ಟು ಸಾಕು.

ಎರಡನೆಯ ಪ್ರಶ್ನೆಗೆ ಮಿ.ಲೀ. ದರವನ್ನಷ್ಟೇ ನೋಡಿದರೆ ಉತ್ತರ ಸಿಗುವುದಿಲ್ಲ. ಒಂದೇ ಹೆಸರಿನ ಸೆಂಟು, ಇಡಿಟಿ 100 ಮಿ.ಲೀ.ಗೆ 900 ರೂಪಾಯಿ, ಇಡಿಪಿ 50 ಮಿ.ಲೀ.ಗೆ 800 ಎಂದುಕೊಳ್ಳಿ. ಮೊದಲನೆಯದು ಮಿ.ಲೀ.ಗೆ 9, ಎರಡನೆಯದು 16, ಹೆಚ್ಚು ಕಡಿಮೆ ಎರಡರಷ್ಟು. ಈಗ ಒಳಗಿನ ಎಣ್ಣೆ ನೋಡಿ. ಇಡಿಟಿಯಲ್ಲಿ ಶೇ. 10 ಇದ್ದರೆ 10 ಮಿ.ಲೀ. ಎಣ್ಣೆ, ಅದಕ್ಕೆ 900, ಮಿ.ಲೀ.ಗೆ 90. ಇಡಿಪಿಯಲ್ಲಿ 18 ಇದ್ದರೆ 9 ಮಿ.ಲೀ. ಎಣ್ಣೆಗೆ 800, ಮಿ.ಲೀ.ಗೆ ಸುಮಾರು 89. ಎರಡೂ ಒಂದೇ ದರ. ಆಮೇಲೆ ಉಳಿಯುವುದು ನಿಮ್ಮ ಅಭ್ಯಾಸ: ಐದು ಸಲ ಹೊಡೆದುಕೊಳ್ಳುವುದು ಖುಷಿಯೋ, ಎರಡು ಮೂರಕ್ಕೆ ನಿಲ್ಲಿಸುವುದೋ.

ಡಿಯೋ ಡಬ್ಬಿ 150 ಮಿ.ಲೀ. ಇದ್ದರೂ ತಿಂಗಳಿಗೇ ಮುಗಿಯುತ್ತದೆ. 120 ಮಿ.ಲೀ.ನ ಗ್ಯಾಸ್ ಇಲ್ಲದ್ದು ಎರಡು ಮೂರು ತಿಂಗಳು ಬರುತ್ತದೆ. ಹೇಗೆ?

ಒತ್ತಿದರೆ ಉಸ್ ಎನ್ನುತ್ತಾ ಒಂದೇ ಸಮನೆ ಬರುವ ಡಬ್ಬಿಯಲ್ಲಿ ದ್ರವವನ್ನು ಹೊರತಳ್ಳುವುದು ಗ್ಯಾಸು, ನಮ್ಮ ಅಡುಗೆ ಗ್ಯಾಸಿನ ಜಾತಿಯದೇ. ಅದೂ ಒಳಗೆ ಒತ್ತಡದಲ್ಲಿ ದ್ರವವಾಗಿಯೇ ಇರುತ್ತದೆ, 150 ಮಿ.ಲೀ. ಲೆಕ್ಕದಲ್ಲಿ ಅದೂ ಸೇರಿರುತ್ತದೆ. ಕೆಲವು ಡಬ್ಬಿಗಳ ಮೇಲೆ ಮಿ.ಲೀ. ಜೊತೆಗೆ ಗ್ರಾಂ ಕೂಡ ಕೊಟ್ಟಿರುತ್ತಾರೆ. ಗುಟ್ಟು ಹೊರಬೀಳುವುದು ಅಲ್ಲಿ.

150 ಮಿ.ಲೀ., 95 ಗ್ರಾಂ ಎಂದು ಬರೆದಿದೆ ಎನ್ನೋಣ. ಆಲ್ಕೋಹಾಲ್ ಮಿ.ಲೀ.ಗೆ ಸುಮಾರು 0.79 ಗ್ರಾಂ ತೂಗುತ್ತದೆ, ಗ್ಯಾಸಿನ ದ್ರವ ಸುಮಾರು 0.55. ಪೂರ್ತಿ ಆಲ್ಕೋಹಾಲೇ ಆಗಿದ್ದರೆ 118 ಗ್ರಾಂ ಇರಬೇಕಿತ್ತು, ಪೂರ್ತಿ ಗ್ಯಾಸಾದರೆ 82 ಚಿಲ್ಲರೆ. 95 ಬರಬೇಕಾದರೆ ಒಳಗೆ ಪರಿಮಳ ಬೆರೆತ ಆಲ್ಕೋಹಾಲು ಸುಮಾರು 52 ಮಿ.ಲೀ., ಉಳಿದದ್ದು ಗ್ಯಾಸು. ಗ್ಯಾಸ್ ಇಲ್ಲದ ಪಂಪಿನ ಡಬ್ಬಿಯಲ್ಲಿ 120 ಎಂದರೆ 120ಕ್ಕೂ ದ್ರವವೇ, ಅದಲ್ಲದೆ ಒಂದೊಂದು ಒತ್ತಿಗೂ ಅಳೆದಷ್ಟೇ ಬರುತ್ತದೆ.

ಗ್ಯಾಸಿನದನ್ನು ಪೂರ್ತಿ ತಳ್ಳಿಹಾಕಬೇಡಿ. ಸಿಂಪಡಣೆ ತಣ್ಣಗೆ, ಒಣಗಾಗಿ ಕೂರುತ್ತದೆ, ಅಂಗಿ ಒದ್ದೆಯಾಗುವುದಿಲ್ಲ. ಬಚ್ಚಲ ಬಾಯ್ಲರ್ ಹತ್ತಿರ ಮತ್ತು ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಾತ್ರ ಇಡಲೇಬೇಡಿ, 50 ಡಿಗ್ರಿ ದಾಟಬಾರದೆಂದು ಡಬ್ಬಿಯ ಮೇಲೆಯೇ ಇರುತ್ತದೆ.

ಡಿಯೋ ಮೇಲೆ "48 ಗಂಟೆ" ಎಂದಿರುತ್ತದೆ. ಸಾವಿರಾರು ರೂಪಾಯಿಯ ಪರ್ಫ್ಯೂಮಿಗೂ ಅಷ್ಟಿಲ್ಲವಲ್ಲ?

ಎರಡೂ ಬೇರೆ ಮಾತು. ಡಿಯೋದ 48 ಗಂಟೆ ಪರಿಮಳದ್ದಲ್ಲ, ಕಂಕುಳ ನಾತ ತಡೆಯುವುದರದ್ದು. ಬೆವರಿಗೆ ತನ್ನದೆಂಬ ವಾಸನೆ ಬಹಳ ಕಡಿಮೆ, ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ನಾತ ಹುಟ್ಟುತ್ತದೆ. ಡಿಯೋಡರೆಂಟು ಆ ಬ್ಯಾಕ್ಟೀರಿಯಾವನ್ನು ಹತ್ತಿಕ್ಕುತ್ತದೆ. ಆ್ಯಂಟಿ ಪರ್ಸ್ಪಿರೆಂಟ್ ಎಂದಿದ್ದರೆ ಅಲ್ಯೂಮಿನಿಯಂ ಲವಣ ಬೆವರಿನ ರಂಧ್ರವನ್ನೇ ತಾತ್ಕಾಲಿಕವಾಗಿ ಕಟ್ಟುತ್ತದೆ. ಅದರಲ್ಲಿನ ಘಮ ಒಂದೆರಡು ಗಂಟೆಯಲ್ಲಿ ಹೋದರೂ ಈ ಕೆಲಸ ನಡೆದೇ ಇರುತ್ತದೆ.

ಹೆಸರಿನಲ್ಲಿ "ಬಾಡಿ ಪರ್ಫ್ಯೂಮ್" ಎಂದಿದ್ದು, ಪದಾರ್ಥಗಳ ಪಟ್ಟಿಯಲ್ಲಿ ಆಲ್ಕೋಹಾಲು ಮತ್ತು ಪರಿಮಳ ಬಿಟ್ಟು ಬೇರೇನೂ ಇಲ್ಲದಿದ್ದರೆ ಅದು ತೆಳು ಸೆಂಟು. ನಾತ ತಡೆಯುವುದನ್ನು ಅದರಿಂದ ಹೆಚ್ಚು ನಿರೀಕ್ಷಿಸಬೇಡಿ.

ಹಾಕಿಕೊಂಡ ಅರ್ಧ ಗಂಟೆಗೆ ನನಗೇ ವಾಸನೆ ಬರುವುದಿಲ್ಲ. ಡೂಪ್ಲಿಕೇಟ್ ಕಳಿಸಿದ್ದೀರಾ?

ವಾರಕ್ಕೊಮ್ಮೆಯಾದರೂ ಈ ಬೈಗುಳ ತಿನ್ನುತ್ತೇನೆ. ಒಂದೇ ವಾಸನೆಯ ನಡುವೆ ಕುಳಿತ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ಊದುಬತ್ತಿ ಕಾರ್ಖಾನೆಯಲ್ಲಿ ಕೆಲಸ ಮಾಡುವವರಿಗೆ ಊದುಬತ್ತಿಯ ಘಮ ತಿಳಿಯದ ಹಾಗೆ. ಕುತ್ತಿಗೆಗೆ ಹೊಡೆದುಕೊಂಡರೆ ಇದು ಇನ್ನೂ ಬೇಗ ಆಗುತ್ತದೆ, ಮೂಗಿನ ಕೆಳಗೇ ಇದೆಯಲ್ಲ. ಹದಿನೈದು ನಿಮಿಷ ಹೊರಗೆ ನಡೆದು ಬಂದು ಮೂಸಿ, ಅಥವಾ ಆಗಷ್ಟೇ ಬಂದವರನ್ನು ಕೇಳಿ. ಅವರಿಗೂ ಬರದಿದ್ದರೆ ನನಗೆ ಫೋನ್ ಮಾಡಿ.

ಇನ್ನೊಂದು ಇದೆ. ಕೆಲವು ಬಗೆಯ ಮಸ್ಕ್ ಕೆಲವರ ಮೂಗಿಗೆ ಹುಟ್ಟಿನಿಂದಲೇ ತಿಳಿಯುವುದಿಲ್ಲ. ಗಂಡ "ಏನೂ ಇಲ್ಲ, ನೀರು" ಎಂದು ವಾಪಸ್ ತಂದ ಬಾಟಲಿ ಹೆಂಡತಿಗೆ ತಲೆನೋವು ಬರುವಷ್ಟು ಘಾಟಾಗಿದ್ದುದೂ ಇದೆ. ಅಡಿಯ ಸಾಲು ಪೂರಾ ಮಸ್ಕೇ ಇದ್ದರೆ 10 ಮಿ.ಲೀ. ಕೊಂಡು ನೋಡದೆ ದೊಡ್ಡದಕ್ಕೆ ಕೈ ಹಾಕಬೇಡಿ.

ಮಂಗಳೂರು, ಕಲಬುರಗಿ, ಬೆಂಗಳೂರು: ಊರಿಂದೂರಿಗೆ ವ್ಯತ್ಯಾಸ ಇದೆಯೇ?

ಇದೆ. ಬಿಸಿ ಹೆಚ್ಚಾದಷ್ಟೂ ಬೇಗ ಹಾರುತ್ತದೆ. ಕರಾವಳಿಯಲ್ಲಿ ಬೆವರು ಅದನ್ನು ತೊಳೆದುಕೊಂಡೂ ಹೋಗುತ್ತದೆ. ಕಲಬುರಗಿ, ರಾಯಚೂರಿನ ಒಣ ಹವೆಯಲ್ಲಿ ಚರ್ಮ ಒಣಗಿರುತ್ತದೆ, ಸೆಂಟು ಹಿಡಿದು ನಿಲ್ಲುವುದಿಲ್ಲ. ವಾಸನೆಯಿಲ್ಲದ ಮಾಯಿಶ್ಚರೈಸರ್ ಅಥವಾ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಅದರ ಮೇಲೆ ಹೊಡೆದುಕೊಂಡರೆ ಸ್ವಲ್ಪ ಹೆಚ್ಚು ಹೊತ್ತು ಬರುತ್ತದೆ. ಮೇಲೆ ನಾನು ಕೊಟ್ಟ ಗಂಟೆಗಳು ಮೈಸೂರಿನ ನವೆಂಬರ್ ತಿಂಗಳಿನವು. ಏಪ್ರಿಲ್‌ನ ಮಂಗಳೂರಿಗೆ ಅದರಲ್ಲಿ ಮೂರನೇ ಒಂದು ಪಾಲು ಕಳೆದುಕೊಳ್ಳಿ ಎಂದು ಅಂದಾಜಿಗೆ ಹೇಳುತ್ತೇನೆ.

ಅತ್ತರಿಗೆ ಆಲ್ಕೋಹಾಲ್ ಇಲ್ಲ, ಹಾಗಾಗಿ ಹೆಚ್ಚು ಉಳಿಯುತ್ತದೆ ಅಲ್ಲವೇ?

ಉಳಿಯುತ್ತದೆ, ಆದರೆ ಹರಡುವುದು ಕಡಿಮೆ. ಪರಿಮಳವನ್ನು ಗಾಳಿಗೆ ಎತ್ತಿಕೊಡುವುದು ಆಲ್ಕೋಹಾಲಿನ ಕೆಲಸ, ಅತ್ತರು ಮೈಗಂಟಿ ಕೂರುತ್ತದೆ. ಕನೌಜಿನ ಹಳೆಯ ಪದ್ಧತಿಯಲ್ಲಿ ಹೂವಿನ ಆವಿಯನ್ನು ಗಂಧದೆಣ್ಣೆಯೊಳಗೆ ಇಳಿಸುತ್ತಿದ್ದರು, ಆ ಅತ್ತರಿನ ಬಾಳಿಕೆಗೆ ಅಡಿಯ ಗಂಧವೇ ಕಾರಣ. ಈಗ ಅಗ್ಗದ ಅತ್ತರಿನಲ್ಲಿ ಗಂಧದೆಣ್ಣೆಯ ಜಾಗಕ್ಕೆ ವಾಸನೆಯಿಲ್ಲದ ಪ್ಯಾರಾಫಿನ್ ಎಣ್ಣೆ ಬಂದಿದೆ. 150 ರೂಪಾಯಿಗೆ ಸಿಗುವ 6 ಮಿ.ಲೀ. ಸೀಸೆಯನ್ನು ಈ ತಿಳುವಳಿಕೆ ಇಟ್ಟುಕೊಂಡು ಕೊಳ್ಳಿ.

ವಿವರಣೆಯಲ್ಲಿ ಏನು ಕಾಣದಿದ್ದರೆ ಅನುಮಾನ ಪಡಬೇಕು?

ತಯಾರಕರ ಅಥವಾ ಆಮದು ಮಾಡಿದವರ ಹೆಸರು ವಿಳಾಸ, ಯಾವ ದೇಶದ್ದು, ನಿವ್ವಳ ಪ್ರಮಾಣ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರಿಗೆ ಯಾರನ್ನು ಕೇಳಬೇಕು. ಇಷ್ಟು ಆನ್‌ಲೈನ್ ಪುಟದಲ್ಲೂ ಇರಬೇಕೆಂದು ನಿಯಮವಿದೆ. ವಿದೇಶಿ ಹೆಸರಿನ ಬಾಟಲಿಗೆ ಆಮದುದಾರರ ಚೀಟಿಯೇ ಇಲ್ಲದೆ ಅರ್ಧ ಬೆಲೆ ಎಂದರೆ ಕೊಳ್ಳುವ ಮುನ್ನ ಡಬ್ಬಿಯ ತಳದ ಚಿತ್ರ ಕೇಳಿ. ಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆ ಬಾಟಲಿಯ ತಳದಲ್ಲೂ ಅದೇ ಇರಬೇಕು. "ಅದರಿಂದ ಪ್ರೇರಿತ" ಎಂದು ಬರೆದು ಮಾರುವವರು ಬೇರೆ. ಅವರು ನಕಲಿ ಹೆಸರು ಹಾಕುವುದಿಲ್ಲ, ವಾಸನೆಯ ಹೋಲಿಕೆ ಮಾತ್ರ ಹೇಳುತ್ತಾರೆ. ಮೊದಲ ಅರ್ಧ ಗಂಟೆ ಅದು ಇದು ಒಂದೇ ಎನ್ನಿಸಿದರೂ ಅಡಿಯ ಪರಿಮಳಕ್ಕೆ ಬಂದಾಗ ದಾರಿ ಬೇರೆಯಾಗುವುದೇ ಹೆಚ್ಚು.

ಬೇರೆ ಸಾಮಾನು ಎರಡು ದಿನಕ್ಕೆ ಬರುತ್ತದೆ, ನಿಮ್ಮ ಸೆಂಟಿಗೆ ಮಾತ್ರ ವಾರ ಏಕೆ?

ಆಲ್ಕೋಹಾಲು ಬೆಂಕಿ ಹತ್ತುವ ಸರಕು. ವಿಮಾನದಲ್ಲಿ ಕಳಿಸಲು ಬೇರೆಯದೇ ಕಟ್ಟುಪಾಡಿದೆ, ನಮ್ಮಂಥ ಚಿಕ್ಕ ಅಂಗಡಿಯವರ ಪಾರ್ಸೆಲ್ಲನ್ನು ಕೊರಿಯರಿನವರು ಲಾರಿಯಲ್ಲೇ ಒಯ್ಯುತ್ತಾರೆ. ಬೀದರಿಗೆ ನಾಲ್ಕು ದಿನ, ದೆಹಲಿಗೆ ಏಳೆಂಟು ದಿನ ಹಿಡಿಯಿರಿ. ಮದುವೆಗೆ ಬೇಕಿದ್ದರೆ ಹತ್ತು ದಿನ ಮುಂಚೆ ಹೇಳಿ.